ಉತ್ತರ ಬರುವಂತೆ ಬರೆದ ಕರೆ

ಹಳೆಯ ಸಹಪಾಠಿಗಳ ಸ್ನೇಹಮಿಲನಕ್ಕೆ ಕರೆಯುವ ವಾಟ್ಸಾಪ್ ಸಂದೇಶ ಬಹುತೇಕ ಕಡೆ ಒಂದೇ ಬಗೆಯಲ್ಲಿರುತ್ತದೆ. ಮೇಲೆ ಎರಡು ಸಾಲು ಹೂವಿನ ಚಿತ್ರ, 'ಆತ್ಮೀಯ ಸ್ನೇಹಿತರೇ' ಎಂಬ ಸಂಬೋಧನೆ, ಬಾಲ್ಯ ಮತ್ತೆ ಬಾರದು ಎನ್ನುವ ಅರ್ಥದ ನಾಲ್ಕೈದು ಸಾಲು, ಆಮೇಲೆ 'ಗುರುವಂದನೆ ಹಾಗೂ ಸ್ನೇಹಮಿಲನ', ದಿನಾಂಕ, ಸ್ಥಳ, ಕೊನೆಗೆ 'ಎಲ್ಲರೂ ತಪ್ಪದೇ ಬನ್ನಿ'. ಸಂದೇಶ ಗ್ರೂಪಿಗೆ ಬಿದ್ದ ಹತ್ತು ನಿಮಿಷದಲ್ಲಿ ಮೂವರು ಕೈಮುಗಿಯುತ್ತಾರೆ, ಇಬ್ಬರು ಹೆಬ್ಬೆರಳು ಎತ್ತುತ್ತಾರೆ. ಸಂಜೆಯ ಹೊತ್ತಿಗೆ ಯಾರೋ ಹಾಕಿದ ಮಳೆಯ ವಿಡಿಯೊ ಬಂದು ಕರೆ ಮೇಲಕ್ಕೆ ಸರಿದುಹೋಗುತ್ತದೆ. ಕಳಿಸಿದವರು ಆ ಸಂದೇಶವನ್ನು ಒತ್ತಿ ಹಿಡಿದು ಅದರ ವಿವರ ತೆರೆದರೆ, ಗ್ರೂಪಿನ ನಲವತ್ತೇಳು ಜನರಲ್ಲಿ ನಲವತ್ತು ಜನ ಓದಿದ್ದಾರೆ ಎಂದು ಕಾಣುತ್ತದೆ. ಓದಿಯೂ ಮಾತಾಡಿಲ್ಲವಲ್ಲ ಎಂದು ಮನಸ್ಸಿಗೆ ನೋವಾಗುತ್ತದೆ. ಯಾರಿಗೂ ಬೇಡವಾಗಿದೆ ಎಂದುಕೊಂಡು ಎಷ್ಟೋ ಬ್ಯಾಚುಗಳು ಅಲ್ಲಿಗೇ ಕೈಬಿಡುತ್ತವೆ. ಹೆಚ್ಚಿನ ಸಲ ಆ ತೀರ್ಮಾನ ತಪ್ಪು. ಆ ಮೌನಕ್ಕೆ ಕಾರಣ ಸಂದೇಶದ ರಚನೆಯಲ್ಲೇ ಇರುತ್ತದೆ.

ಮೊದಲ ಕಾರಣ, ಕರೆ ಎಲ್ಲರಿಗೂ ಹೋಗಿದೆ, ಯಾರೊಬ್ಬರಿಗೂ ಹೋಗಿಲ್ಲ. ಗುಂಪಿನಲ್ಲಿ ಕೇಳಿದ ಮಾತಿಗೆ ಹೊಣೆ ಹಂಚಿಹೋಗುತ್ತದೆ ಎಂಬುದನ್ನು ಮನಶ್ಶಾಸ್ತ್ರ ಬಹಳ ಹಿಂದೆಯೇ ತೋರಿಸಿದೆ. ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಯಾರಿಗೋ ಮೂರ್ಛೆ ಬಂದಂತೆ ಧ್ವನಿ ಕೇಳಿಸಲಾಗಿತ್ತು. ಕೇಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇಕಡಾ 85ರಷ್ಟು ಜನ, ರೋಗಿಯ ದನಿ ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇಕಡಾ 31 ಮಾತ್ರ. ಪ್ರಾಣದ ಪ್ರಶ್ನೆಯಲ್ಲೇ ಹೀಗಾದರೆ ಊಟದ ಕರೆಯ ಮಾತೇನು? ಇಸ್ರೇಲಿನ ಗ್ರೆಗ್ ಬ್ಯಾರನ್ ಮತ್ತು ಎಲ್ಡಾಡ್ ಯೆಖಿಯಾಮ್ 2002ರಲ್ಲಿ ಇದನ್ನೇ ಇಮೇಲಿನಲ್ಲಿ ಪರೀಕ್ಷಿಸಿದರು. ಒಂದು ಸಣ್ಣ ವಿಚಾರಣೆಯ ಪತ್ರ ಹಲವರಿಗೆ ಒಟ್ಟಿಗೆ ಹೋದಾಗಿಗಿಂತ ಒಬ್ಬರಿಗೇ ಹೋದಾಗ ಹೆಚ್ಚು ಉತ್ತರ ಬಂದವು, ಆ ಉತ್ತರಗಳು ಹೆಚ್ಚು ಉಪಯುಕ್ತವೂ ಆಗಿದ್ದವು. ಗ್ರೂಪಿನಲ್ಲಿ ಓದಿದ ಪ್ರತಿಯೊಬ್ಬರೂ 'ಯಾರಾದರೂ ಹೇಳುತ್ತಾರೆ, ಆಮೇಲೆ ನಾನೂ ಹೇಳಿದರಾಯಿತು' ಎಂದುಕೊಳ್ಳುತ್ತಾರೆ. ಎಲ್ಲರೂ ಹಾಗೆಯೇ ಕಾಯುತ್ತಾರೆ.

ಎರಡನೆಯ ಕಾರಣ, ಆ ಸಂದೇಶದಲ್ಲಿ ಪ್ರಶ್ನೆಯೇ ಇಲ್ಲ. 'ತಪ್ಪದೇ ಬನ್ನಿ' ಎನ್ನುವುದಕ್ಕೆ ಉತ್ತರ ಕೊಡುವ ಅಗತ್ಯ ಓದಿದವರಿಗೆ ಕಾಣುವುದಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದಾಗ ಯಾರೂ ಬರುತ್ತೇವೆ ಎಂದು ಪತ್ರ ಬರೆಯುವುದಿಲ್ಲ. ಆ ದಿನ ಹೋಗುತ್ತಾರೆ ಅಥವಾ ಹೋಗುವುದಿಲ್ಲ. ಸ್ನೇಹಮಿಲನದ ಸಂದೇಶ ಲಗ್ನಪತ್ರಿಕೆಯ ಭಾಷೆಯನ್ನೇ ಎರವಲು ಪಡೆದಿರುವುದರಿಂದ ಓದುವವರೂ ಅದನ್ನು ಹಾಗೆಯೇ ಸ್ವೀಕರಿಸುತ್ತಾರೆ.

ಮೂರನೆಯ ಕಾರಣ ಎಲ್ಲಕ್ಕಿಂತ ಆಳವಾದದ್ದು. ನಲವತ್ತರ ಆಸುಪಾಸಿನ ಜನಕ್ಕೆ ಇಂಥ ಕರೆ ಓದಿದ ಕೂಡಲೇ ಕೇಳಲು ಸಂಕೋಚವಾಗುವ ಕೆಲವು ಪ್ರಶ್ನೆಗಳು ಏಳುತ್ತವೆ. ಎಷ್ಟು ದುಡ್ಡು ಕೊಡಬೇಕಾಗುತ್ತದೆ? ಕೊಟ್ಟವರ ಪಟ್ಟಿ ಗ್ರೂಪಿನಲ್ಲಿ ಹಾಕುತ್ತಾರಾ? ಗಂಡನನ್ನೋ ಮಕ್ಕಳನ್ನೋ ಕರೆದುಕೊಂಡು ಬರಬಹುದಾ, ಒಬ್ಬಳೇ ಬರಬೇಕಾ? ಕೊನೆಯ ಬಸ್ಸಿನೊಳಗೆ ಮುಗಿಯುತ್ತದಾ? ಅಲ್ಲಿ ತೆಗೆದ ಫೋಟೊ ಫೇಸ್‌ಬುಕ್ಕಿಗೆ ಹೋಗುತ್ತದಾ? ಇವೆಲ್ಲಕ್ಕಿಂತ ಬಾಯಿಬಿಟ್ಟು ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಅಲ್ಲಿಗೇ ಓದು ಬಿಟ್ಟವರು ಈ 'ಬ್ಯಾಚಿಗೆ' ಸೇರುತ್ತಾರಾ? ಸಂದೇಶದ ಮೊದಲ ಸಾಲಿನಲ್ಲೇ 'ಉನ್ನತ ಹುದ್ದೆಗಳಲ್ಲಿರುವ ನಮ್ಮ ಸ್ನೇಹಿತರು' ಎಂದಿದ್ದರೆ, ಗ್ಯಾರೇಜಿನಲ್ಲಿ ಕೆಲಸ ಮಾಡುವವರಿಗೂ ಗಾರ್ಮೆಂಟ್ಸ್‌ಗೆ ಹೋಗುವವರಿಗೂ ಅಲ್ಲಿಯೇ ಉತ್ತರ ಸಿಕ್ಕಿಬಿಡುತ್ತದೆ. ಅವರು ಓದುತ್ತಾರೆ, ಸುಮ್ಮನಾಗುತ್ತಾರೆ.

ಹೀಗಿರುವಾಗ ಉತ್ತರ ತರುವ ಕರೆ ಮೂರು ಕೆಲಸ ಮಾಡಬೇಕಾಗುತ್ತದೆ. ಒಬ್ಬೊಬ್ಬರಿಗೇ ತಲುಪಬೇಕು, ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಕೇಳಬೇಕು, ಕೇಳಲಾಗದ ಪ್ರಶ್ನೆಗಳಿಗೆ ತಾನಾಗಿ ಉತ್ತರ ಹೇಳಬೇಕು. ಇದನ್ನು ಒಂದೇ ಸಂದೇಶಕ್ಕೆ ತುರುಕಲು ಹೋದರೆ ಅದು ಉದ್ದವಾಗುತ್ತದೆ. ವಾಟ್ಸಾಪ್ ಉದ್ದನೆಯ ಸಂದೇಶವನ್ನು ನಡುವೆ ಕತ್ತರಿಸಿ 'ಇನ್ನಷ್ಟು ಓದಿ' ಎಂದು ಮಡಚಿಡುವುದರಿಂದ, ಕೊನೆಯಲ್ಲಿಟ್ಟ ಪ್ರಶ್ನೆ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಕರೆಯನ್ನು ಎರಡು ಹಂತವಾಗಿ ಒಡೆಯುವುದು ಒಳ್ಳೆಯದು. ಮೊದಲು ಒಬ್ಬೊಬ್ಬರಿಗೆ ಒಂದು ಪ್ರಶ್ನೆ, ಆಮೇಲೆ ಗ್ರೂಪಿಗೆ ಕರೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ 2001ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ತರಗತಿ ಎಂದುಕೊಳ್ಳೋಣ. ಹಾಜರಿ ಪುಸ್ತಕದಲ್ಲಿ 62 ಹೆಸರು. ಇಬ್ಬರು ತೀರಿಕೊಂಡಿದ್ದಾರೆ. 47 ಜನ ಗ್ರೂಪಿನಲ್ಲಿದ್ದಾರೆ. ಉಳಿದ 13 ಜನರಲ್ಲಿ ಹೆಚ್ಚಿನವರು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಮತ್ತು ಓದು ಬಿಟ್ಟ ಹುಡುಗರು. ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ಸೇರಬೇಕೆಂದು ಆರು ಜನ ಓಡಾಡುತ್ತಿದ್ದಾರೆ.

ಇವರು ಮೊದಲು ಮಾಡಬೇಕಾದ್ದು ಗ್ರೂಪಿನಿಂದ ಹೊರಗೆ ಬರುವುದು. ಸಿಗಬಹುದಾದ ಹೆಸರುಗಳನ್ನು ಆರು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಒಂಬತ್ತು-ಹತ್ತು ಜನ ಬರುತ್ತಾರೆ. ಪಾಲು ಮಾಡುವಾಗ ಅಕಾರಾದಿ ಕ್ರಮ ಬೇಡ; ಯಾರು ಯಾರ ಬೆಂಚಿನಲ್ಲಿ ಕೂರುತ್ತಿದ್ದರು, ಯಾವ ಹಳ್ಳಿಯಿಂದ ಯಾರೊಂದಿಗೆ ನಡೆದು ಬರುತ್ತಿದ್ದರು ಎಂಬುದನ್ನು ನೋಡಬೇಕು. ಹೆಣ್ಣುಮಕ್ಕಳ ಪಾಲು ಹೆಣ್ಣುಮಕ್ಕಳಿಗೇ ಇರಲಿ. ಎಷ್ಟೋ ಮನೆಗಳಲ್ಲಿ ನಂಬರು ಗಂಡನ ಹೆಸರಿನಲ್ಲಿರುತ್ತದೆ, ಫೋನು ಒಂದೇ ಇರುತ್ತದೆ; ಗುರುತಿಲ್ಲದ ಗಂಡಸಿನ ಸಂದೇಶಕ್ಕಿಂತ ಹಳೆಯ ಗೆಳತಿಯ ದನಿ ಅಲ್ಲಿ ಸಲೀಸಾಗಿ ತಲುಪುತ್ತದೆ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಈ ಕೆಲಸ ಆಗುವುದಿಲ್ಲ. ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇಪ್ಪತ್ತೈದು ವರ್ಷ ಮಾತು ಬಿಟ್ಟವರ ಫೋನಿನಲ್ಲಿ ಆ ನಂಬರು ಇರುವುದಿಲ್ಲ.

ಈ ಮೊದಲ ಸಂದೇಶದಲ್ಲಿ ಕಾರ್ಯಕ್ರಮದ ಮಾತೇ ಇಲ್ಲದಿದ್ದರೂ ನಡೆಯುತ್ತದೆ. ಬೇಕಾದ್ದು ಬರೆದವರು ಯಾರು ಎಂಬ ಗುರುತು, ಓದುವವರು ಇವರಿಗೆ ನೆನಪಿದ್ದಾರೆ ಎಂಬುದಕ್ಕೆ ಒಂದು ಸಾಕ್ಷಿ, ಮತ್ತು ಒಂದು ಪ್ರಶ್ನೆ. ಹೀಗೆ:

'ನಮಸ್ಕಾರ, ನಾನು ಬಿ ಸೆಕ್ಷನ್ನಿನಲ್ಲಿ ನಿನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು, ಅಂಚೆ ಕಚೇರಿ ಪಕ್ಕದ ಮನೆ. ಮಳೆ ಬಂದಾಗ ನಿಮ್ಮೂರಿನ ಹಳ್ಳ ತುಂಬಿ ನೀವು ನಾಲ್ಕು ಜನ ಶಾಲೆಗೆ ಬರದಿದ್ದದ್ದು ಮೊನ್ನೆ ನೆನಪಾಯಿತು. ಈ ವರ್ಷಕ್ಕೆ ನಾವು ಹತ್ತನೇ ಕ್ಲಾಸು ಮುಗಿಸಿ 25 ವರ್ಷ. ಒಂದು ದಿನ ಸೇರೋಣ ಅಂತ ಮಾತಾಡುತ್ತಿದ್ದೇವೆ. ಡಿಸೆಂಬರ್ 27 ಭಾನುವಾರ ಅಥವಾ ಜನವರಿ 3 ಭಾನುವಾರ, ನಿನಗೆ ಯಾವುದು ಅನುಕೂಲ?'

ಇದರಲ್ಲಿ ಹಳ್ಳ ತುಂಬಿದ ಮಾತು ಅಲಂಕಾರವಲ್ಲ. ಬಾಲ್ಯದ ಬಗ್ಗೆ ಬರೆದ ಹತ್ತು ಸಾಲು ಮಾಡದ ಕೆಲಸವನ್ನು ಅದೊಂದು ವಾಕ್ಯ ಮಾಡುತ್ತದೆ, ಏಕೆಂದರೆ ಅದು ಬೇರೆ ಯಾರಿಗೂ ಹೊಂದುವುದಿಲ್ಲ. ಅದನ್ನು ಓದಿದವರು 'ನಾಲ್ಕಲ್ಲ, ಐದು ಜನ' ಎಂದು ತಿದ್ದಿದರೂ ಸಾಕು, ಮಾತು ಶುರುವಾಯಿತು. ಆದರೆ ನೆನಪನ್ನು ಆರಿಸುವಾಗ ಎಚ್ಚರ ಬೇಕು. ಅಡ್ಡಹೆಸರು, ಮೇಷ್ಟ್ರ ಹೊಡೆತ, ಅಂಕ, ಯಾರು ಯಾರನ್ನು ನೋಡುತ್ತಿದ್ದರು ಎಂಬ ಮಾತು, ಮನೆಯ ಬಡತನ, ಇವು ಹೇಳುವವರಿಗೆ ತಮಾಷೆಯಾಗಿ ಕಂಡರೂ ಕೇಳುವವರಿಗೆ ಹಾಗಿರಬೇಕೆಂದೇನಿಲ್ಲ. ದಾರಿ, ಮಳೆ, ಗಂಟೆ, ಆಟದ ಬಯಲು, ಬಸ್ಸು, ಊಟದ ಡಬ್ಬಿ ಹಂಚಿಕೊಂಡದ್ದು, ಇವುಗಳಲ್ಲಿ ಯಾರಿಗೂ ನೋವಿಲ್ಲ.

ಪ್ರಶ್ನೆ 'ಬರ್ತೀಯಾ?' ಎಂದು ಇಲ್ಲದಿರುವುದನ್ನೂ ಗಮನಿಸಬೇಕು. ಬರುತ್ತೇನೆ ಎನ್ನಲು ಮನೆಯಲ್ಲಿ ಕೇಳಬೇಕು, ರಜೆ ನೋಡಬೇಕು, ಮನಸ್ಸು ಗಟ್ಟಿ ಮಾಡಬೇಕು. ಎರಡು ದಿನಗಳಲ್ಲಿ ಯಾವುದು ಅನುಕೂಲ ಎನ್ನಲು ಇದಾವುದೂ ಬೇಡ. ಆಮೇಲೆ ಆ ದಿನವೇ ನಿಶ್ಚಯವಾದರೆ, ಅದನ್ನು ಆರಿಸಿದವರಲ್ಲಿ ತಾವೂ ಒಬ್ಬರು ಎಂಬ ಭಾವನೆ ಅವರಿಗಿರುತ್ತದೆ.

ದಿನದ ಆಯ್ಕೆಯಲ್ಲೇ ಅರ್ಧ ಉತ್ತರ ಇದೆ. ಏಪ್ರಿಲ್-ಮೇ ತಿಂಗಳ ಭಾನುವಾರಗಳಲ್ಲಿ ಮದುವೆಗಳ ಗಲಾಟೆ. ಎಷ್ಟೇ ಇಷ್ಟವಿದ್ದರೂ ನೆಂಟರ ಮದುವೆ ಬಿಟ್ಟು ಸ್ನೇಹಮಿಲನಕ್ಕೆ ಬರುವುದು ಕಷ್ಟ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸವಾದ್ದರಿಂದ ಸಾಮಾನ್ಯವಾಗಿ ಮದುವೆ ಇರುವುದಿಲ್ಲ, ಕಲ್ಯಾಣ ಮಂಟಪವೂ ಸುಲಭವಾಗಿ ಸಿಗುತ್ತದೆ, ಹೊರದೇಶದಲ್ಲಿ ಅಥವಾ ಮುಂಬೈ, ಪುಣೆ ಕಡೆ ಇರುವವರಿಗೆ ವರ್ಷದ ಕೊನೆಯ ರಜೆಯೂ ಇರುತ್ತದೆ. ಮಲೆನಾಡಿನ ಬ್ಯಾಚಿಗೆ ಮಾತ್ರ ಅದು ಕಾಫಿ ಮತ್ತು ಅಡಿಕೆ ಕೊಯ್ಲಿನ ಕಾಲ, ಅಲ್ಲಿ ಬೇರೆ ಲೆಕ್ಕ ಹಾಕಬೇಕು. ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಶಾಲೆಯ ಶಿಕ್ಷಕರಿಗೆ ಶನಿವಾರ ಬೆಳಗಿನ ಪಾಠ ಇರುತ್ತದೆ, ಅಂಗಡಿ ಇಟ್ಟವರಿಗೆ ಸಂತೆಯ ದಿನ ಬಿಡಲಾಗದು. ಈ ಲೆಕ್ಕವನ್ನು ಮೊದಲೇ ಹಾಕಿ ಎರಡೇ ದಿನ ಮುಂದಿಟ್ಟರೆ ಉತ್ತರ ಬರುತ್ತದೆ. 'ಯಾವಾಗ ಸೇರೋಣ, ನೀವೇ ಹೇಳಿ' ಎಂದು ಬಯಲಿಗೆ ಬಿಟ್ಟರೆ ಯಾರೂ ಬಾಯಿ ತೆರೆಯುವುದಿಲ್ಲ.

ಈ ಸುತ್ತಿಗೆ ಎರಡು ವಾರ ಬೇಕು. ಉದಾಹರಣೆಯ ತರಗತಿಯಲ್ಲಿ 35 ಜನ ಉತ್ತರಿಸಿದರು, ಅವರಲ್ಲಿ 22 ಜನ ಡಿಸೆಂಬರ್ 27 ಎಂದರು ಎಂದುಕೊಳ್ಳೋಣ. ಗ್ರೂಪಿಗೆ ಕರೆ ಹಾಕುವ ಕಾಲ ಈಗ ಬಂತು. ಈ ಸಲ ಅದು ಖಾಲಿ ಮೈದಾನದಲ್ಲಿ ಬೀಳುವುದಿಲ್ಲ.

'2001ರಲ್ಲಿ ನಮ್ಮ ಹತ್ತನೇ ತರಗತಿಯಲ್ಲಿ ಕೂತಿದ್ದ ಎಲ್ಲರಿಗೂ, ಪಾಸಾದವರು, ಆಗದವರು, ನಡುವೆ ಬಿಟ್ಟವರು, ಎಲ್ಲರಿಗೂ.
ಡಿಸೆಂಬರ್ 27, ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 4. ಶಾಲೆಯ ಆವರಣದಲ್ಲೇ. 35 ಜನರನ್ನು ಕೇಳಿ ಈ ದಿನ ಇಟ್ಟಿದ್ದೇವೆ. ಗಣಿತದ ಮೇಷ್ಟ್ರು ಮತ್ತು ಕನ್ನಡ ಟೀಚರ್ ಬರಲು ಒಪ್ಪಿದ್ದಾರೆ.
ಮಕ್ಕಳನ್ನು, ಮನೆಯವರನ್ನು ಕರೆತರಬಹುದು. ನಾಲ್ಕು ಗಂಟೆಗೆ ಖಂಡಿತ ಮುಗಿಯುತ್ತದೆ, ಐದರ ಬಸ್ಸು ಸಿಗುತ್ತದೆ.
ಖರ್ಚು ತಲಾ 600 ರೂಪಾಯಿ. ಕೊಟ್ಟವರ ಪಟ್ಟಿ ಎಲ್ಲೂ ಹಾಕುವುದಿಲ್ಲ, ಯಾರೂ ಯಾರನ್ನೂ ಕೇಳುವುದಿಲ್ಲ. ಈಗ ಆಗದವರು ಹಾಗೇ ಬನ್ನಿ.
ಅಡುಗೆಯವರಿಗೆ ಲೆಕ್ಕ ಹೇಳಬೇಕು. ನವೆಂಬರ್ 30ರೊಳಗೆ ಒಂದು ಅಂಕಿ ಕಳಿಸಿ: 1 ಬರುತ್ತೇನೆ, 2 ಈ ಸಲ ಆಗುವುದಿಲ್ಲ, 3 ಇನ್ನೂ ಗೊತ್ತಿಲ್ಲ. ಇಲ್ಲಿ ಬೇಡವೆನಿಸಿದರೆ ನನಗೊಬ್ಬನಿಗೇ ಕಳಿಸಿ.'

ಮೊದಲ ಸಾಲು ಬಾಗಿಲನ್ನು ಅಗಲವಾಗಿ ತೆರೆಯುತ್ತದೆ. 'ಹತ್ತನೇ ತರಗತಿಯಲ್ಲಿ ಕೂತಿದ್ದ' ಎಂಬ ಮಾತು ಫಲಿತಾಂಶವನ್ನು ಪಕ್ಕಕ್ಕೆ ಇಡುತ್ತದೆ. ಈ ಒಂದು ಸಾಲಿಗಾಗಿಯೇ ಉತ್ತರಿಸುವವರು ಇರುತ್ತಾರೆ, ಮತ್ತು ಹೆಚ್ಚಿನ ಸಲ ಅವರು ಗ್ರೂಪಿನಲ್ಲಿ ಬರೆಯದೆ ಕಳಿಸಿದವರಿಗೆ ನೇರವಾಗಿ ಫೋನು ಮಾಡುತ್ತಾರೆ.

ದುಡ್ಡಿನ ಮಾತನ್ನು ಮೊತ್ತದ ಸಮೇತ ಹೇಳಿಬಿಡುವುದೇ ಗೌರವ. ಮೊತ್ತ ಹೇಳದಿದ್ದರೆ ಓದುವವರು ತಮ್ಮ ಕೈಗೆಟುಕದ ಸಂಖ್ಯೆಯನ್ನು ಊಹಿಸಿಕೊಳ್ಳುತ್ತಾರೆ. ಗ್ರೂಪಿನಲ್ಲಿ ದಿನವೂ ಇಂಥವರಿಂದ ಐದು ಸಾವಿರ, ಇಂಥವರಿಂದ ಹತ್ತು ಸಾವಿರ ಎಂದು ಪಟ್ಟಿ ಬೆಳೆಸುವುದು ಸಂಗ್ರಹಕ್ಕೆ ಅನುಕೂಲವೆಂದು ಕಂಡರೂ, ಆರುನೂರು ಕೊಡಬಲ್ಲವರು ಅಲ್ಲಿಂದ ಮೌನಕ್ಕೆ ಜಾರುತ್ತಾರೆ. ಹೆಚ್ಚು ಕೊಡುವ ಮನಸ್ಸಿದ್ದವರು ಲೆಕ್ಕ ನೋಡುವವರಿಗೆ ಬೇರೆಯಾಗಿ ಕೊಡಬಹುದು; ಕೊನೆಗೆ ಒಟ್ಟು ಜಮೆ, ಒಟ್ಟು ಖರ್ಚು ಮಾತ್ರ ಗ್ರೂಪಿಗೆ ಬಂದರೆ ಸಾಕು.

ಅಂಕಿಯ ವಿಷಯಕ್ಕೂ ಕಾರಣವಿದೆ. ಹೆಬ್ಬೆರಳಿನ ಚಿತ್ರಕ್ಕೆ 'ನೋಡಿದೆ', 'ಒಳ್ಳೆಯದು', 'ಬರುತ್ತೇನೆ' ಎಂಬ ಮೂರೂ ಅರ್ಥಗಳಿವೆ. ಅಡುಗೆಯವರಿಗೆ ಅದರಿಂದ ಪ್ರಯೋಜನವಿಲ್ಲ. ಒಂದು ಅಂಕಿ ಒತ್ತಲು ಕನ್ನಡ ಟೈಪಿಂಗ್ ಬರಬೇಕೆಂದಿಲ್ಲ, ಒಕ್ಕಣೆ ಹುಡುಕಬೇಕೆಂದಿಲ್ಲ. ಇವುಗಳಲ್ಲಿ 3 ಎಂಬ ಮೂರನೆಯ ಬಾಗಿಲು ಬಹಳ ಮುಖ್ಯ. ಹೌದು-ಇಲ್ಲ ಎರಡೇ ಇದ್ದರೆ, ನಿರ್ಧರಿಸದವರು ನಿರ್ಧಾರವಾಗುವವರೆಗೆ ಸುಮ್ಮನಿರುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. 3 ಎಂದವರು ಮಾತಾಡಿದವರ ಸಾಲಿಗೆ ಸೇರುತ್ತಾರೆ. ಹದಿನೈದು ದಿನ ಬಿಟ್ಟು ಅವರನ್ನು ಮತ್ತೆ ಕೇಳಲು ಸಂಕೋಚವಿರುವುದಿಲ್ಲ. 2 ಎಂದವರಿಗೂ ತಕ್ಷಣ ಒಂದು ಒಳ್ಳೆಯ ಮಾತು ಹೋಗಬೇಕು. ಬರಲಾಗದು ಎಂದವರನ್ನು ಗ್ರೂಪಿನಲ್ಲಿ 'ಅಯ್ಯೋ ದೊಡ್ಡ ಮನುಷ್ಯರಾಗಿಬಿಟ್ಟರು' ಎಂದು ಛೇಡಿಸಿದರೆ, ಅದನ್ನು ನೋಡಿದ ಉಳಿದವರು ಇಲ್ಲ ಎನ್ನುವುದನ್ನೇ ಬಿಟ್ಟು ಮೌನವನ್ನು ಆರಿಸಿಕೊಳ್ಳುತ್ತಾರೆ.

ವಾಟ್ಸಾಪಿನಲ್ಲಿರುವ ಪೋಲ್ ಸೌಲಭ್ಯ ಇದಕ್ಕೆ ಸರಿಯಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಊಟಕ್ಕೆ ಮುದ್ದೆಯೋ ರೊಟ್ಟಿಯೋ ಎನ್ನಲು ಅದು ಚೆನ್ನ. ಬರುವ ವಿಷಯದಲ್ಲಿ, ಯಾರು ಯಾವುದಕ್ಕೆ ಮತ ಹಾಕಿದರು ಎಂದು ಗ್ರೂಪಿನವರಿಗೆಲ್ಲ ಕಾಣುವುದರಿಂದ ಸಂಕೋಚದವರು ಅದನ್ನು ಮುಟ್ಟುವುದಿಲ್ಲ. ಗ್ರೂಪನ್ನು 'ಅಡ್ಮಿನ್ ಮಾತ್ರ ಬರೆಯಬಹುದು' ಎಂಬ ವ್ಯವಸ್ಥೆಯಲ್ಲಿ ಇಟ್ಟು ಆಮೇಲೆ ಯಾರೂ ಉತ್ತರಿಸಲಿಲ್ಲ ಎಂದು ಕೊರಗುವುದೂ ಉಂಟು. ಕರೆ ಹಾಕುವ ಮೊದಲು ಅದನ್ನು ತೆರೆದಿಡಬೇಕು. ಕರೆಯನ್ನು ಗ್ರೂಪಿನ ಮೇಲ್ಭಾಗದಲ್ಲಿ ಪಿನ್ ಮಾಡಿಟ್ಟರೆ ಮಳೆಯ ವಿಡಿಯೊಗಳ ಕೆಳಗೆ ಅದು ಹೂತುಹೋಗುವುದಿಲ್ಲ. ಪಿನ್ ಒಂದು ದಿನ, ಏಳು ದಿನ ಅಥವಾ ಮೂವತ್ತು ದಿನ ನಿಲ್ಲುತ್ತದೆ.

ಗ್ರೂಪಿಗೆ ಕರೆ ಬಿದ್ದ ಮೊದಲ ಒಂದು ಗಂಟೆ ನಿರ್ಣಾಯಕ. ಮೊದಲ ಉತ್ತರಗಳು ಹೇಗಿರುತ್ತವೋ ಮುಂದಿನವೂ ಹಾಗೇ ಇರುತ್ತವೆ. ಮೊದಲ ಮೂವರು ಕೈಮುಗಿದರೆ ಹತ್ತು ಜನ ಕೈಮುಗಿಯುತ್ತಾರೆ. ಹಾಗಾಗಿ ಮೊದಲ ಸುತ್ತಿನಲ್ಲಿ ಒಪ್ಪಿದವರಲ್ಲಿ ನಾಲ್ಕೈದು ಜನರಿಗೆ, ಕರೆ ಬಂದ ಕೂಡಲೇ ಅಂಕಿಯ ಜೊತೆ ಒಂದು ಮಾತು ಬರೆಯುವಂತೆ ಮೊದಲೇ ಹೇಳಿಡಬೇಕು. '1. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬರ್ತೀನಿ, ಮಗಳೂ ಇರ್ತಾಳೆ' ಎಂಬಂಥ ಉತ್ತರ ಬಿದ್ದರೆ ಅದೇ ಮಾದರಿಯಾಗುತ್ತದೆ. ಇವರು ಶಾಲೆಯಲ್ಲಿ ಮುಂದಾಳುಗಳಾಗಿದ್ದವರೇ ಆಗಿರಬಾರದು. ಹಿಂದಿನ ಬೆಂಚಿನವರೊಬ್ಬರು, ದೂರದ ಹಳ್ಳಿಯವರೊಬ್ಬರು, ಹೆಣ್ಣುಮಕ್ಕಳಲ್ಲಿ ಇಬ್ಬರು ಇದ್ದರೆ, ಓದುವ ಪ್ರತಿಯೊಬ್ಬರಿಗೂ ತಮ್ಮಂಥವರೊಬ್ಬರು ಅಲ್ಲಿ ಕಾಣಿಸುತ್ತಾರೆ.

ಮಾತು ಮತ್ತೆ ತಣ್ಣಗಾದಾಗ 'ದಯವಿಟ್ಟು ಉತ್ತರಿಸಿ' ಎಂದು ಮೂರು ಸಲ ಕೇಳುವುದಕ್ಕಿಂತ ಹತ್ತನೇ ತರಗತಿಯ ಗ್ರೂಪ್ ಫೋಟೊ ಹೆಚ್ಚು ಕೆಲಸ ಮಾಡುತ್ತದೆ. ಅದನ್ನು ಸುಮ್ಮನೆ ಹಾಕಿದರೆ ಹೃದಯದ ಚಿತ್ರಗಳಷ್ಟೇ ಬರುತ್ತವೆ. ಪ್ರತಿ ತಲೆಯ ಮೇಲೂ ಒಂದು ಅಂಕಿ ಬರೆದು, 'ಮೂರನೇ ಸಾಲಿನ 31 ಯಾರು? ಮುಖ ಅರ್ಧ ಮುಚ್ಚಿದೆ' ಎಂದು ಕೇಳಿದರೆ ವಾದವೇ ಶುರುವಾಗುತ್ತದೆ. ಆ ಕಾಲದಲ್ಲಿ ಫೋಟೊಗೆ ದುಡ್ಡು ಕೊಡಲಾಗದೆ ಪ್ರತಿ ತೆಗೆದುಕೊಳ್ಳದವರು ಪ್ರತಿ ತರಗತಿಯಲ್ಲೂ ಇದ್ದರು. ತಮ್ಮ ಹದಿನೈದರ ವಯಸ್ಸಿನ ಮುಖವನ್ನು ಅವರು ಎಷ್ಟೋ ವರ್ಷಗಳ ಮೇಲೆ ಅಲ್ಲಿ ನೋಡುತ್ತಾರೆ. ಅಲ್ಲಿಯವರೆಗೆ ಒಂದಕ್ಷರವನ್ನೂ ಬರೆಯದವರು 'ಅದು ನಾನು' ಎಂದು ಬರೆಯುವುದು ಆಗಲೇ. ಹುಡುಕಿ ಸಿಗದ ಹದಿಮೂರು ಜನರ ಗುರುತೂ ಹಲವು ಸಲ ಈ ವಾದದ ನಡುವೆಯೇ ಸಿಗುತ್ತದೆ.

ಇಷ್ಟಾದರೂ ಉತ್ತರಿಸದವರು ಇರುತ್ತಾರೆ. ಅವರ ಮೌನವನ್ನು ಓದಲು ಸ್ವಲ್ಪ ಸುಳಿವು ಟಿಕ್ ಗುರುತಿನಲ್ಲಿದೆ. ಒಬ್ಬರಿಗೇ ಕಳಿಸಿದ ಸಂದೇಶಕ್ಕೆ ದಿನಗಟ್ಟಲೆ ಒಂದೇ ಟಿಕ್ ಇದ್ದರೆ ಅದು ತಲುಪಿಯೇ ಇಲ್ಲ. ಆ ನಂಬರು ಬಳಕೆಯಲ್ಲಿ ಇಲ್ಲದಿರಬಹುದು, ಅಥವಾ ಅವರು ಈ ನಂಬರನ್ನು ತಡೆದಿರಬಹುದು. ಬೂದು ಬಣ್ಣದ ಎರಡು ಟಿಕ್ ಎಂದರೆ ತಲುಪಿದೆ, ಓದಿಲ್ಲ, ಅಥವಾ ಓದಿದ ಗುರುತು ತೋರಿಸುವುದನ್ನು ಅವರು ನಿಲ್ಲಿಸಿಕೊಂಡಿದ್ದಾರೆ. ಗ್ರೂಪಿನಲ್ಲಿ ಆ ಗುರುತನ್ನು ನಿಲ್ಲಿಸಿಡಲು ಆಗುವುದಿಲ್ಲವಾದ್ದರಿಂದ, ಗ್ರೂಪಿನ ಸಂದೇಶದ ವಿವರದಲ್ಲಿ ಅವರು ಓದಿದ್ದಾರೆಯೇ ಎಂಬುದು ತಿಳಿಯುತ್ತದೆ. ಹಾಗೆಂದು 'ನೀನು ಓದಿದ್ದು ಕಾಣುತ್ತಿದೆ' ಎಂದು ಯಾರಿಗೂ ಹೇಳಬಾರದು. ಅದು ಹಿಡಿದು ನಿಲ್ಲಿಸಿದ ಹಾಗೆ.

ಓದಿಯೂ ಉತ್ತರಿಸದವರಿಗೆ ಒಂದೇ ಒಂದು ಫೋನು ಕರೆ, ಹಳೆಯ ಬೆಂಚಿನ ಗೆಳೆಯನಿಂದಲೋ ಗೆಳತಿಯಿಂದಲೋ. ಬರುತ್ತೀಯಾ ಎಂದು ಕೇಳುವ ಮೊದಲು ಹೇಗಿದ್ದೀಯಾ ಎಂದು ಕೇಳುವ ಕರೆ. ಕೆಲವು ಸಲ ಆ ತುದಿಯಲ್ಲಿ ಮಗ ಫೋನೆತ್ತಿ ಅಪ್ಪ ಹೋದ ವರ್ಷ ತೀರಿಕೊಂಡರು ಎನ್ನುತ್ತಾನೆ. ಹಾಗಾದಾಗ ಆ ನಂಬರನ್ನು ಪಟ್ಟಿಯಿಂದ ತೆಗೆದು ಸುಮ್ಮನಾಗದೆ, ಆ ಮನೆಯವರನ್ನೂ ಕರೆಯಬಹುದೇ ಎಂದು ಮೆಲ್ಲಗೆ ಕೇಳುವುದು ಸರಿ. ಅಪ್ಪನ ಹದಿನೈದರ ವಯಸ್ಸು ಹೇಗಿತ್ತು ಎಂದು ಹೇಳಬಲ್ಲವರು ಆ ಮಗನಿಗೆ ಬೇರೆಲ್ಲೂ ಸಿಗಲಾರರು. ಕರೆಯ ಮೇಲೂ ಬೇಡವೆಂದವರನ್ನು ಮತ್ತೆ ಕೇಳಬಾರದು. ಶಾಲೆಯ ದಿನಗಳು ಎಲ್ಲರಿಗೂ ಸಿಹಿಯಾಗಿರಲಿಲ್ಲ.

ನವೆಂಬರ್ 30 ಬಂದಾಗ ಲೆಕ್ಕ ಗ್ರೂಪಿನಲ್ಲಿ ಬೀಳಬೇಕು, ಹೆಸರಿಲ್ಲದೆ, ಸಂಖ್ಯೆಯಾಗಿ: 38 ಜನ ಬರುತ್ತಾರೆ, 7 ಜನಕ್ಕೆ ಆಗುವುದಿಲ್ಲ, 5 ಜನ ಇನ್ನೂ ನೋಡುತ್ತಿದ್ದಾರೆ. ಆ ದಿನ ಬರುವವರ ಸಂಖ್ಯೆ ಇದಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಕೊನೆಯ ಗಳಿಗೆಯಲ್ಲಿ ಮನೆಯಲ್ಲಿ ಹುಷಾರು ತಪ್ಪುವುದುಂಟು, ಹೇಳದೆ ಬಂದು ಬಾಗಿಲಲ್ಲಿ ನಿಲ್ಲುವವರೂ ಉಂಟು. ಅಡುಗೆಯವರಿಗೆ ಮನೆಯವರನ್ನೂ ಸೇರಿಸಿ, ಒಂದೈದು ಎಲೆ ಜಾಸ್ತಿ ಇಟ್ಟು ಹೇಳುವುದು ವಾಡಿಕೆ. ಹಿಂದಿನ ಸಂಜೆ ಪ್ರತಿ ಪಾಲಿನವರು ತಮ್ಮ ಒಂಬತ್ತು-ಹತ್ತು ಜನಕ್ಕೆ ಕೊನೆಯ ಸಂದೇಶ ಕಳಿಸುತ್ತಾರೆ. ಅದರಲ್ಲಿ ಕಾರ್ಯಕ್ರಮದ ವಿವರ ಬೇಡ, ಒಂದೇ ಪ್ರಶ್ನೆ ಸಾಕು: 'ನಾಳೆ ಯಾವ ಬಸ್ಸಿಗೆ ಬರ್ತೀಯಾ? ಸ್ಟ್ಯಾಂಡಿನಲ್ಲಿ ಕಾಯ್ತಿರ್ತೀನಿ.'